ಎನ್‌ಪಿಎಸ್‌ಗೆ ನಾವು ಕಟ್ಟುವ 50,000, ಕಂಪನಿ ಕಟ್ಟುವ ಶೇ 14: ತೆರಿಗೆಯಲ್ಲಿ ಯಾವುದು ಎಷ್ಟು ಉಳಿಸುತ್ತದೆ?

ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ, ಅಂದರೆ ಎನ್‌ಪಿಎಸ್‌ಗೆ, ಸಂಬಳದಾರರ ಹಣ ಎರಡು ದಾರಿಯಲ್ಲಿ ಸೇರುತ್ತದೆ. ಕೈಗೆ ಬಂದ ಸಂಬಳದಿಂದ ನಾವೇ ಕಟ್ಟುವುದು ಒಂದು; ನಮ್ಮ ಹೆಸರಿನಲ್ಲಿ ಕಂಪನಿ ನೇರವಾಗಿ ಕಟ್ಟುವುದು ಇನ್ನೊಂದು. ಖಾಸಗಿ ಕಂಪನಿಯ ನೌಕರನಾಗಿ ನಾನು ಎರಡನ್ನೂ ಬಳಸಿದ್ದೇನೆ. ಎರಡೂ ಅದೇ ಪ್ರಾನ್ ಸಂಖ್ಯೆಯ ಟಿಯರ್ 1 ಖಾತೆಗೇ ಹೋಗುವುದರಿಂದ ಹೂಡಿಕೆಯಾಗಿ ಅವುಗಳಲ್ಲಿ ವ್ಯತ್ಯಾಸವಿಲ್ಲ. ಆದರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಅವು ಪೂರ್ತಿ ಬೇರೆ, ಮತ್ತು ಆ ವ್ಯತ್ಯಾಸ ಹಳೆಯ ತೆರಿಗೆ ಪದ್ಧತಿಯಲ್ಲಿ ಒಂದು ಬಗೆಯಾದರೆ ಹೊಸ ಪದ್ಧತಿಯಲ್ಲಿ ಮತ್ತೊಂದು ಬಗೆ.

ಮೊದಲು ಹಳೆಯ ಪದ್ಧತಿಯ ವಿಷಯ. ಭವಿಷ್ಯ ನಿಧಿ, ಎಲ್‌ಐಸಿ ಕಂತು, ಪಿಪಿಎಫ್, ಇಎಲ್‌ಎಸ್‌ಎಸ್ ಎಲ್ಲವೂ ಸೆಕ್ಷನ್ 80ಸಿ ಅಡಿಯಲ್ಲಿ ಬರುತ್ತವೆ. ನಾವು ಎನ್‌ಪಿಎಸ್‌ಗೆ ಕಟ್ಟುವ ಹಣ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10ರವರೆಗೆ 80ಸಿಸಿಡಿ(1)ಕ್ಕೆ ಸೇರುತ್ತದೆಯಾದರೂ, ಇವೆಲ್ಲವೂ ಕೂಡಿ 1.5 ಲಕ್ಷ ರೂಪಾಯಿಯ ಒಂದೇ ಮಿತಿಯೊಳಗೆ ಅಡಗಬೇಕು. 2015ರಲ್ಲಿ ಸೇರ್ಪಡೆಯಾದ 80ಸಿಸಿಡಿ(1ಬಿ) ಈ ಮಿತಿಯ ಹೊರಗೆ, ನಮ್ಮದೇ ಪಾವತಿಗೆ 50,000 ರೂಪಾಯಿಯ ಹೆಚ್ಚುವರಿ ಕಡಿತ ಕೊಡುತ್ತದೆ. ಕಂಪನಿಯ ಪಾವತಿಗೆ 80ಸಿಸಿಡಿ(2) ಇದೆ, ಅದೂ 1.5 ಲಕ್ಷದ ಹೊರಗಿನದೇ, 50,000ದ ಮಿತಿಗೂ ಸಂಬಂಧಪಡದ್ದು.

ನನ್ನ ಸಂಬಳಕ್ಕೆ ಹತ್ತಿರದ ದುಂಡು ಅಂಕಿಗಳನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ವರ್ಷದ ಸಂಬಳ 18 ಲಕ್ಷ, ಅದರಲ್ಲಿ ಮೂಲ ವೇತನ 9 ಲಕ್ಷ. ನನ್ನ ಪಾಲಿನ ಭವಿಷ್ಯ ನಿಧಿ ಶೇ 12ರಂತೆ 1,08,000. ಎಲ್‌ಐಸಿ ಕಂತು 24,000. ಅಲ್ಲಿಗೆ 1.5 ಲಕ್ಷದಲ್ಲಿ ಉಳಿಯುವ ಜಾಗ 18,000 ಮಾತ್ರ. ಅದನ್ನು ನಾನು ಇಎಲ್‌ಎಸ್‌ಎಸ್‌ನಿಂದ ತುಂಬಿಸುತ್ತಿದ್ದೆ, ಏಕೆಂದರೆ ಅಲ್ಲಿ ಹಣ 3 ವರ್ಷ ಮಾತ್ರ ಕಟ್ಟುಬೀಳುತ್ತದೆ. ಪಿಪಿಎಫ್‌ನಲ್ಲಿ ಅವಧಿ 15 ವರ್ಷ, ಎನ್‌ಪಿಎಸ್‌ನಲ್ಲಿ ಸಾಮಾನ್ಯವಾಗಿ 60ನೆಯ ವಯಸ್ಸಿನವರೆಗೆ. ಆದ್ದರಿಂದ ಎನ್‌ಪಿಎಸ್‌ಗೆ ಸ್ವಂತ ಹಣ ಕಟ್ಟುವವರು ಮೊದಲ 50,000ವನ್ನು 80ಸಿಸಿಡಿ(1ಬಿ) ಅಡಿಯಲ್ಲೇ ತೋರಿಸಿ, ಅದನ್ನು ಮೀರಿದ್ದನ್ನು ಮಾತ್ರ 1.5 ಲಕ್ಷದ ಗುಂಪಿಗೆ ಸೇರಿಸುವುದು ಲಾಭಕರ. ಯಾವ ಭಾಗವನ್ನು ಎಲ್ಲಿ ತೋರಿಸಬೇಕೆಂಬ ಆಯ್ಕೆ ನಮ್ಮದು. ಅದೇ ರೂಪಾಯಿಯನ್ನು ಎರಡೂ ಕಡೆ ತೋರಿಸುವಂತಿಲ್ಲ.

ಹೊಸ ಪದ್ಧತಿಯಲ್ಲಿ ಈ ಚಿತ್ರವೇ ಬದಲಾಗುತ್ತದೆ. ಅಲ್ಲಿ 80ಸಿ ಇಲ್ಲ, 80ಸಿಸಿಡಿ(1) ಇಲ್ಲ, 50,000ದ ಹೆಚ್ಚುವರಿ ಕಡಿತವೂ ಇಲ್ಲ. ಉಳಿದಿರುವುದು ಕಂಪನಿಯ ಪಾವತಿಗೆ ಸಿಗುವ 80ಸಿಸಿಡಿ(2) ಮಾತ್ರ. ಖಾಸಗಿ ನೌಕರರಿಗೆ ಹಳೆಯ ಪದ್ಧತಿಯಲ್ಲಿ ಅದರ ಮಿತಿ ಮೂಲ ವೇತನದ ಶೇ 10 ಆಗಿದ್ದರೆ, 2024ರ ಜುಲೈ ಬಜೆಟ್ಟಿನ ನಂತರ ಹೊಸ ಪದ್ಧತಿಯಲ್ಲಿ ಶೇ 14. ನನ್ನ ಉದಾಹರಣೆಯಲ್ಲಿ ಅದು ಕ್ರಮವಾಗಿ 90,000 ಮತ್ತು 1,26,000 ರೂಪಾಯಿ.

2025-26ರ ಹಣಕಾಸು ವರ್ಷದ ದರಗಳಲ್ಲಿ, ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ಶೇ 4ರ ಸೆಸ್ ಸೇರಿಸಿ ಬರುವ ತೆರಿಗೆ ಹೀಗಿದೆ. ಮನೆ ಬಾಡಿಗೆ ಭತ್ಯೆ ಮತ್ತು ಗೃಹ ಸಾಲದ ಬಡ್ಡಿಯ ವಿನಾಯಿತಿಗಳನ್ನು ಸದ್ಯಕ್ಕೆ ಹೊರಗಿಟ್ಟಿದ್ದೇನೆ.

| ಆಯ್ಕೆ | ತೆರಿಗೆ (ರೂ.) |
|---|---|
| ಹಳೆಯದು, 80ಸಿ ಪೂರ್ತಿ, ಎನ್‌ಪಿಎಸ್ ಇಲ್ಲ | 3,04,200 |
| ಹಳೆಯದು, ಮೇಲಿನದರ ಜೊತೆ ಸ್ವಂತ 50,000 | 2,88,600 |
| ಹಳೆಯದು, ಅದರ ಜೊತೆ ಕಂಪನಿಯ ಶೇ 10 | 2,60,520 |
| ಹೊಸದು, ಎನ್‌ಪಿಎಸ್ ಇಲ್ಲ | 1,50,800 |
| ಹೊಸದು, ಕಂಪನಿಯ ಶೇ 14 | 1,24,644 |

ಸ್ವಂತ 50,000 ಕಟ್ಟಿದ್ದಕ್ಕೆ ಹಳೆಯ ಪದ್ಧತಿಯಲ್ಲಿ 15,600 ರೂಪಾಯಿ ಉಳಿಯುತ್ತದೆ, ಹೊಸದರಲ್ಲಿ ಏನೂ ಉಳಿಯುವುದಿಲ್ಲ. ಕಂಪನಿಯ ಮೂಲಕ ಕಟ್ಟಿದರೆ ಎರಡರಲ್ಲೂ ಉಳಿತಾಯವಿದೆ: ಹಳೆಯದರಲ್ಲಿ 28,080, ಹೊಸದರಲ್ಲಿ 26,156. ಆದರೆ ಪಟ್ಟಿಯಲ್ಲಿ ಗಮನಿಸಬೇಕಾದದ್ದು ಬೇರೆ. ಈ ಸಂಬಳದಲ್ಲಿ ಹಳೆಯ ಪದ್ಧತಿಯ ಎಲ್ಲ ಹೂಡಿಕೆ ಕಡಿತಗಳನ್ನು ಪೂರ್ತಿ ಬಳಸಿದರೂ, ಏನನ್ನೂ ಹೂಡದ ಹೊಸ ಪದ್ಧತಿಯ ತೆರಿಗೆಯೇ ಕಡಿಮೆ. ಹಳೆಯದು ಕಂಪನಿಯ ಶೇ 14 ಇರುವ ಹೊಸ ಪದ್ಧತಿಗೆ ಸರಿಸಮ ಬರಬೇಕಾದರೆ, ಬಾಡಿಗೆ ಭತ್ಯೆ, ಗೃಹ ಸಾಲದ ಬಡ್ಡಿ, ಆರೋಗ್ಯ ವಿಮೆ ಮುಂತಾದವುಗಳಿಂದ ಇನ್ನೂ ಸುಮಾರು 4.36 ಲಕ್ಷ ರೂಪಾಯಿಯ ಕಡಿತ ಬೇಕು. ಬೆಂಗಳೂರಿನಲ್ಲಿ ದೊಡ್ಡ ಬಾಡಿಗೆ ಕಟ್ಟುವವರಿಗೆ ಅಥವಾ ಬಾಡಿಗೆಯ ಜೊತೆಗೆ ಗೃಹ ಸಾಲವೂ ಇರುವವರಿಗೆ ಅದು ಅಸಾಧ್ಯವೇನಲ್ಲ. ಸ್ವಂತ ಮನೆಯಲ್ಲಿರುವ ನನಗೆ ಆಗದು. ಹಾಗಾಗಿ ಪದ್ಧತಿ ಯಾವುದೆಂದು ಮೊದಲು ಇತ್ಯರ್ಥವಾಗದೆ 50,000ದ ಪ್ರಶ್ನೆಗೆ ಅರ್ಥವಿಲ್ಲ.

ಹಾಗೆಂದು ಕಂಪನಿಯ ಪಾವತಿಯನ್ನು ಪುಕ್ಕಟೆ ಹಣವೆಂದು ತಿಳಿಯಬಾರದು. ಹೆಚ್ಚಿನ ಖಾಸಗಿ ಕಂಪನಿಗಳಲ್ಲಿ ಅದು ಒಟ್ಟು ಸಿಟಿಸಿಯೊಳಗಿನದೇ. ವಿಶೇಷ ಭತ್ಯೆಯಿಂದ ಅಷ್ಟು ಮೊತ್ತವನ್ನು ತೆಗೆದು ಎನ್‌ಪಿಎಸ್‌ಗೆ ತಿರುಗಿಸುತ್ತಾರೆ. 1,26,000 ಆ ಕಡೆ ಹೋದಾಗ 26,156 ತೆರಿಗೆ ಉಳಿದರೂ ಕೈಗೆ ಬರುವ ಸಂಬಳ ವರ್ಷಕ್ಕೆ 99,844, ಅಂದರೆ ತಿಂಗಳಿಗೆ ಸುಮಾರು 8,300 ರೂಪಾಯಿ ಕಡಿಮೆಯಾಗುತ್ತದೆ. ಮನೆಯ ಖರ್ಚು ಈ ಕೊರತೆಯನ್ನು ತಾಳುತ್ತದೆಯೇ ಎಂಬುದನ್ನು ತೆರಿಗೆಯ ಲಾಭಕ್ಕಿಂತ ಮೊದಲು ನೋಡಬೇಕು.

ಆ ಹಣ ನಡುವೆ ಕೈಗೆ ಸಿಗುವ ವಿಷಯದಲ್ಲಿ ಕಂಪನಿಯ ದಾರಿ ಹಿಂದೆ ಬೀಳುತ್ತದೆ, ಮತ್ತು ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಮಕ್ಕಳ ಓದು, ಮದುವೆ, ಮನೆ, ಗಂಭೀರ ಕಾಯಿಲೆ ಮುಂತಾದ ಕಾರಣಗಳಿಗೆ ಮೂರು ವರ್ಷಗಳ ನಂತರ ಭಾಗಶಃ ಹಣ ತೆಗೆಯಲು ಅವಕಾಶವಿದ್ದರೂ, ಅದರ ಮಿತಿ ನಾವೇ ಕಟ್ಟಿದ ಮೊತ್ತದ ಶೇ 25. ಕಂಪನಿ ಕಟ್ಟಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ನಿವೃತ್ತಿಯ ವೇಳೆಗೂ ಒಂದು ಭಾಗದಿಂದ ಪಿಂಚಣಿ ಯೋಜನೆ ಖರೀದಿಸಬೇಕಾಗುತ್ತದೆ, ಆ ಪಿಂಚಣಿ ಆಯಾ ವರ್ಷದ ಆದಾಯವಾಗಿ ತೆರಿಗೆಗೆ ಒಳಪಡುತ್ತದೆ. ಈ ಕಾರಣಕ್ಕೇ ಹೊಸ ಪದ್ಧತಿಗೆ ಬಂದ ಮೇಲೆ ನಾನು ಕಂಪನಿಯ ಶೇ 14ನ್ನು ಇಟ್ಟುಕೊಂಡು, ಸ್ವಂತ ಪಾವತಿಯನ್ನು ಖಾತೆ ಚಾಲ್ತಿಯಲ್ಲಿರುವಷ್ಟಕ್ಕೆ ಇಳಿಸಿ, ಉಳಿದದ್ದನ್ನು ಬೇಕೆಂದಾಗ ತೆಗೆಯಬಹುದಾದ ಮ್ಯೂಚುವಲ್ ಫಂಡಿಗೆ ಹಾಕುತ್ತಿದ್ದೇನೆ.

ಇನ್ನು ಕಾಲದ ಮಾತು. ಸ್ವಂತ 50,000ವನ್ನು ಮಾರ್ಚ್ ತಿಂಗಳಲ್ಲೂ ಕಟ್ಟಬಹುದು, ಆದರೆ ಕೊನೆಯ ದಿನಕ್ಕೆ ಕಾಯದಿರುವುದು ಕ್ಷೇಮ. ಕಂಪನಿಯ ಪಾವತಿಗೆ ಮಾತ್ರ ಆ ಸೌಲಭ್ಯವಿಲ್ಲ. ವರ್ಷದ ಆರಂಭದಲ್ಲೇ ಪೇರೋಲ್ ವಿಭಾಗಕ್ಕೆ ತಿಳಿಸಿ ತಿಂಗಳು ತಿಂಗಳು ಕಟ್ಟಿಸಬೇಕು. ರಿಟರ್ನ್ ಸಲ್ಲಿಸುವಾಗ ಸಂಬಳದಾರರು ಪದ್ಧತಿಯನ್ನು ಬದಲಿಸಬಹುದು, ಆದರೆ ಕಂಪನಿ ಕಟ್ಟದ ಹಣವನ್ನು ಆಗ ಸೃಷ್ಟಿಸಲಾಗದು. ಶೇ 14 ಕಟ್ಟಿಸಿಕೊಂಡು ಕೊನೆಗೆ ಹಳೆಯ ಪದ್ಧತಿಗೆ ಹೋದರೆ ಶೇ 10ರಷ್ಟಕ್ಕೇ ಕಡಿತ ಸಿಗುತ್ತದೆ; ನನ್ನ ಉದಾಹರಣೆಯಲ್ಲಿ ಉಳಿದ 36,000ಕ್ಕೆ 11,232 ರೂಪಾಯಿ ತೆರಿಗೆ ಬೀಳುತ್ತದೆ. ಸಂಬಳ ತೀರಾ ದೊಡ್ಡದಿರುವವರು ಭವಿಷ್ಯ ನಿಧಿ, ಎನ್‌ಪಿಎಸ್, ಸೂಪರ್‌ಆನ್ಯುಯೇಷನ್ ಮೂರಕ್ಕೂ ಕಂಪನಿ ಕಟ್ಟುವ ಮೊತ್ತ ವರ್ಷಕ್ಕೆ 7.5 ಲಕ್ಷ ಮೀರಿದರೆ ಹೆಚ್ಚಿನದಕ್ಕೆ ತೆರಿಗೆ ಇದೆಯೆಂಬುದನ್ನೂ ನೋಡಿಕೊಳ್ಳಬೇಕು.

ಫಾರ್ಮ್ 16 ಕೈಗೆ ಬಂದಾಗ ಒಂದನ್ನು ತಪ್ಪದೆ ಪರಿಶೀಲಿಸಬೇಕು. ಕಂಪನಿ ಕಟ್ಟಿದ ಮೊತ್ತ ಮೊದಲು ಒಟ್ಟು ಸಂಬಳದಲ್ಲಿ ಸೇರಿರಬೇಕು, ನಂತರ ಕೆಳಗೆ 80ಸಿಸಿಡಿ(2) ಸಾಲಿನಲ್ಲಿ ಕಳೆದಿರಬೇಕು. ಸಂಬಳದಲ್ಲಿ ಸೇರಿಸದೆ ಕಡಿತವನ್ನು ಮಾತ್ರ ತೋರಿಸಿದ್ದರೆ ಅದೇ ಹಣವನ್ನು ಎರಡು ಸಲ ಕಳೆದಂತಾಗುತ್ತದೆ; ಸಂಬಳದಲ್ಲಿ ಸೇರಿಸಿ ಕಡಿತದ ಸಾಲನ್ನು ಖಾಲಿ ಬಿಟ್ಟಿದ್ದರೆ, ಎನ್‌ಪಿಎಸ್ ಸ್ಟೇಟ್‌ಮೆಂಟಿನಲ್ಲಿ ಕಂಪನಿಯ ಪಾವತಿಯಾಗಿ ದಾಖಲಾದ ಮೊತ್ತವನ್ನು ತೋರಿಸಿ, ರಿಟರ್ನ್ ಸಲ್ಲಿಸುವ ಮೊದಲೇ ಫಾರ್ಮನ್ನು ತಿದ್ದಿಸಿಕೊಳ್ಳಬೇಕು.