ಕ್ರೇಟ್ ಲೆಕ್ಕದ ತಂಪು ಕೊಠಡಿ: 14 ತಿಂಗಳ ಬಳಕೆಯ ನಂತರ

ಮಡಿವಾಳ ಮಾರುಕಟ್ಟೆಯಿಂದ ಬೆಳಗಿನ ಜಾವ ತರಕಾರಿ ತಂದು ಚಿಲ್ಲರೆಯಾಗಿ ಮಾರುವ ಸಣ್ಣ ಅಂಗಡಿ ನನ್ನದು. ಸಂಜೆ ಉಳಿದ ಮಾಲನ್ನು ಬಂದ ಬೆಲೆಗೆ ಕೊಟ್ಟು ಕೈತೊಳೆದುಕೊಳ್ಳುವುದು ಬೇಸರವಾಗಿ, ಹತ್ತಿರದಲ್ಲೇ ಆರಂಭವಾದ ಚಿಕ್ಕ ತಂಪು ಕೊಠಡಿಯೊಂದರಲ್ಲಿ ಕ್ರೇಟಿಗೆ ದಿನಕ್ಕೆ 12 ರೂಪಾಯಿಯಂತೆ ಜಾಗ ಹಿಡಿದೆ. ನಡೆಸುವವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂಥ ಕೊಠಡಿಗೆ ಹೋಗಬೇಕೆಂದಿರುವವರು ಏನನ್ನು ಗಮನಿಸಬೇಕು ಎಂಬುದಷ್ಟೇ ನನ್ನ ಉದ್ದೇಶ.

ಮೊದಲ ಎರಡು ತಿಂಗಳು ಇದ್ದದ್ದು ಒಂದೇ ಕೊಠಡಿ, ಒಂದೇ ಉಷ್ಣತೆ: 4 ಡಿಗ್ರಿ. ಕ್ಯಾರೆಟ್, ಎಲೆಕೋಸು, ಬೀಟ್‌ರೂಟ್‌ಗೆ ಅದು ಒಪ್ಪುತ್ತದೆ. ಆದರೆ ನಾನು ತಿಳಿಯದೆ ಬದನೆಕಾಯಿ, ಸೌತೆಕಾಯಿಗಳನ್ನೂ ಅಲ್ಲಿಯೇ ಇಟ್ಟಿದ್ದೆ. ಐದು ದಿನ ಕಳೆದು ಹೊರತೆಗೆದಾಗ ಬದನೆಯ ಸಿಪ್ಪೆ ಹೊಳೆಯುತ್ತಲೇ ಇತ್ತು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಸಣ್ಣ ಕುಳಿಗಳೆದ್ದು, ಕೊಯ್ದರೆ ಬೀಜವೆಲ್ಲ ಕಂದಾಗಿತ್ತು. ದೂರು ಹೇಳಲು ಹೋದರೆ ಅಲ್ಲಿನ ಹುಡುಗ, "ಸಾರ್, ನಮ್ಮ ಹತ್ತಿರ ಇದ್ದಾಗ ಚೆನ್ನಾಗೇ ಇತ್ತಲ್ಲ" ಎಂದ. ಅವನು ಹೇಳಿದ್ದು ಸುಳ್ಳೇನೂ ಅಲ್ಲ. ಚಳಿಯ ಪೆಟ್ಟಿನ ಸ್ವಭಾವವೇ ಹಾಗೆ: ಪೆಟ್ಟು ಬೀಳುವುದು ಒಳಗೆ, ಗುರುತು ಕಾಣುವುದು ಬಿಸಿಲಿನ ಊರಿಗೆ ಮರಳಿದ ಮೇಲೆ. ಬದನೆ, ಸೌತೆಗಳಿಗೆ 10ರಿಂದ 12 ಡಿಗ್ರಿ ಬೇಕು. ಬೀನ್ಸ್ 5ರಿಂದ 7ರವರೆಗೆ ತಾಳುತ್ತದೆ. ಅದಕ್ಕಿಂತ ಕೆಳಗಿಳಿದರೆ ತುಕ್ಕಿನ ಬಣ್ಣದ ಚುಕ್ಕೆಗಳು ಬರುತ್ತವೆ. ನನ್ನಂತೆ ಇನ್ನೂ ಕೆಲವರು ಜಗಳವಾಡಿದ ಮೇಲೆ ಅವರು ನಡುವೆ ಗೋಡೆ ಹಾಕಿ, ಒಂದು ಭಾಗವನ್ನು 6 ಡಿಗ್ರಿಯಲ್ಲೂ ಇನ್ನೊಂದನ್ನು 12ರಲ್ಲೂ ಇಟ್ಟರು. ಇದಾಗದೆ ಹೋಗಿದ್ದರೆ ನಾನು ಅಂದೇ ಬಿಟ್ಟುಬಿಡುತ್ತಿದ್ದೆ.

ಬಾಗಿಲ ಮೇಲಿನ ಅಂಕಿಯನ್ನು ಮಾತ್ರ ನಂಬಬೇಡಿ. ಸಂಜೆ ಏಳಕ್ಕೆ ಇಟ್ಟ ಎಲೆಕೋಸಿನ ನಡುಭಾಗಕ್ಕೆ ಮುಳ್ಳಿನಂಥ ತಾಪಮಾಪಕ ಚುಚ್ಚಿ ನೋಡಿದಾಗ, ರಾತ್ರಿ ಹತ್ತಕ್ಕೂ ಅದು 17 ಡಿಗ್ರಿಯಲ್ಲಿತ್ತು. ಬಾಗಿಲ ಮೇಲೆ 6 ಎಂದೇ ಕಾಣುತ್ತಿತ್ತು. ಗಾಳಿಯ ತಂಪು ಗೆಡ್ಡೆಯೊಳಗೆ ಇಳಿಯಲು ಹೊತ್ತು ಬೇಕು, ಕ್ರೇಟುಗಳನ್ನು ಗೋಡೆಗೆ ಒತ್ತಿ ಪೇರಿಸಿದರಂತೂ ಇನ್ನೂ ತಡ. ಈಗ ಗೋಡೆಯಿಂದ ಒಂದು ಗೇಣು ಬಿಟ್ಟು ಪೇರಿಸಲು ನಾನೇ ನಿಂತು ಹೇಳುತ್ತೇನೆ.

ಕೊತ್ತಂಬರಿಯ ವಿಷಯದಲ್ಲಿ ನನಗೆ ಇನ್ನೂ ಸಮಾಧಾನವಿಲ್ಲ. ನೀರು ಚಿಮುಕಿಸಿದ ಕಟ್ಟುಗಳನ್ನು ಹಾಗೆಯೇ ಇಟ್ಟರೆ ಮೂರನೆಯ ದಿನ ನಡುವಿನ ಎಲೆ ಲೋಳೆಯಾಗುತ್ತದೆ. ಒಣಗಿಸಿ ಇಟ್ಟರೆ ಫ್ಯಾನಿನ ಎದುರಿನ ಕ್ರೇಟು ಬಾಡುತ್ತದೆ. ನೀರು ಸೋರಿಹೋದ ಮೇಲೆ, ಹಿಂಡಿದ ಒದ್ದೆ ಗೋಣಿತಾಟು ಹೊದಿಸಿ ಫ್ಯಾನಿನಿಂದ ದೂರವಿಟ್ಟಾಗ ಮಾತ್ರ ಎರಡು ದಿನ ನೆಟ್ಟಗಿತ್ತು. ಪಕ್ಕದಲ್ಲಿ ಹಣ್ಣಾದ ಟೊಮೆಟೊ ಇರಬಾರದು, ಅದು ಬಿಡುವ ಎಥಿಲೀನ್‌ನಿಂದ ಸೊಪ್ಪು ಬೇಗ ಹಳದಿಯಾಗುತ್ತದೆ.

ಹಣದ ಲೆಕ್ಕಕ್ಕೆ ಕಳೆದ ತಿಂಗಳ ಒಂದು ಉದಾಹರಣೆ ಸಾಕು. ಮಳೆಗೆ ಗಿರಾಕಿಗಳು ಬಾರದೆ 60 ಕಿಲೋ ಬೀನ್ಸ್ ನಾಲ್ಕು ಕ್ರೇಟುಗಳಲ್ಲಿ ಉಳಿಯಿತು. ಅಂದೇ ಕೊಟ್ಟಿದ್ದರೆ ಕಿಲೋಗೆ 25 ರೂಪಾಯಿಯಂತೆ 1,500 ಬರುತ್ತಿತ್ತು. ಎರಡು ರಾತ್ರಿ ಇಟ್ಟು, ತೂಕದಲ್ಲಿ 2 ಕಿಲೋ ಕಳೆದು, 58 ಕಿಲೋವನ್ನು 45ರಂತೆ ಮಾರಿದೆ: 2,610. ಬಾಡಿಗೆ 96, ಆಟೋ 150 ತೆಗೆದರೆ 2,364. ಅಂದರೆ 864 ರೂಪಾಯಿ ಲಾಭ. ಹೊರತೆಗೆದ ತಕ್ಷಣ ಕಾಯಿಗಳ ಮೇಲೆ ನೀರು ಕೂರುವುದರಿಂದ ಒಂದು ಗಂಟೆ ನೆರಳಿನಲ್ಲಿ, ಫ್ಯಾನಿನ ಕೆಳಗೆ ಆರಲು ಬಿಟ್ಟೇ ಗುಡ್ಡೆ ಹಾಕಬೇಕು, ಇಲ್ಲವಾದರೆ ಬೇಗ ಬೂಷ್ಟು ಹಿಡಿಯುತ್ತದೆ.

ಆದರೆ ಈ ಲೆಕ್ಕ ನಿಂತಿರುವುದು ಬೆಲೆ ಎರಡು ದಿನದಲ್ಲಿ ಚೇತರಿಸಿಕೊಂಡದ್ದರಿಂದ. ಕೋಲಾರದ ಟೊಮೆಟೊ ರಾಶಿರಾಶಿಯಾಗಿ ಬಂದು ಬೆಲೆ ಕುಸಿದ ವಾರದಲ್ಲಿ ಮೂರು ದಿನ ಕಾದರೂ ಬೆಲೆ ಏರಲಿಲ್ಲ, ಬಾಡಿಗೆ ಮಾತ್ರ ಏರಿತು. ಹಾಗಾಗಿ ಬೀನ್ಸ್, ಕ್ಯಾರೆಟ್, ಎಲೆಕೋಸಿಗೆ ಈ ವರ್ಷವೂ ಆರು ಕ್ರೇಟಿನ ಜಾಗ ಮುಂದುವರಿಸಿದ್ದೇನೆ. ಟೊಮೆಟೊ ಮಾತ್ರ ಅಂಗಡಿಯ ಹಿಂಬದಿಯ ನೆರಳಿನಲ್ಲೇ ಇರುತ್ತದೆ.