ಲಾಜಿಕ್ ಕಾರ್ಡ್ ಬದಲಿಸಲು ಹಣ ಕೊಡುವ ಮುನ್ನ ಪ್ರಿಂಟರ್ ಉಗುಳಿದ ಹಾಳೆಯನ್ನು ಓದಿ ನೋಡಿ

ಸೆಕೆಂಡ್ ಹ್ಯಾಂಡ್ ಲೇಸರ್ ಪ್ರಿಂಟರ್ ಅರ್ಥವಿಲ್ಲದ ಅಕ್ಷರಗಳನ್ನು ಹಾಳೆಗಟ್ಟಲೆ ಮುದ್ರಿಸುತ್ತಿದ್ದರೆ, ಅದರೊಳಗೆ ಪುಟವನ್ನು ರೂಪಿಸುವ ಲಾಜಿಕ್ ಕಾರ್ಡ್ ಹೋಗಿದೆ ಎಂಬ ಮಾತನ್ನು ತಕ್ಷಣ ನಂಬಬೇಡಿ. ತುಮಕೂರಿನ ಬಿ.ಎಚ್. ರಸ್ತೆಯ ಬಳಿ ಇರುವ ನಮ್ಮ ಡಿಟಿಪಿ ಅಂಗಡಿಗೆ ತಂದ ಪ್ರಿಂಟರಿನಲ್ಲಿ ಹೀಗೆಯೇ ಆಯಿತು. ಮಾರಿದವರ ಕಡೆಯ ತಂತ್ರಜ್ಞರು ಬಂದು ಡ್ರೈವರ್ ಹಾಕಿ ಹೋದ ಮೇಲೆ, ನುಡಿ ಅಕ್ಷರದಲ್ಲಿ ಟೈಪ್ ಮಾಡಿದ ಒಂದೇ ಪುಟದ ಬಾಡಿಗೆ ಕರಾರನ್ನು ಮುದ್ರಿಸಲು ಕೊಟ್ಟರೆ, ಟ್ರೇಯಲ್ಲಿದ್ದ ಕಾಗದವೆಲ್ಲ ಮುಗಿಯುವವರೆಗೂ ಹಾಳೆಗಳು ಬರುತ್ತಲೇ ಇದ್ದವು. ಮತ್ತೆ ಬಂದ ಅದೇ ತಂತ್ರಜ್ಞರು ಹಾಳೆಗಳ ಮೇಲೆ ಕಣ್ಣು ಹಾಯಿಸದೆ ಕಾರ್ಡ್ ಬದಲಿಸಬೇಕೆಂದು ಹೇಳಿ ಮುಂಗಡ ಪಡೆದುಕೊಂಡರು.

ಕಾರಣ ಮೊದಲ ಹಾಳೆಯ ನೆತ್ತಿಯಲ್ಲೇ ಮುದ್ರಣವಾಗಿತ್ತು. ಅಲ್ಲಿ `%!PS-Adobe-3.0` ಎಂಬ ಸಾಲಿತ್ತು. ಅದರ ಕೆಳಗೆ ಓದಲು ಬರುವ ಇಂಗ್ಲಿಷ್ ಪದಗಳು, ಆಮೇಲೆ ಹಾಳೆಗಟ್ಟಲೆ ಅಂಕಿಗಳು ಹಾಗೂ ಎ ಯಿಂದ ಎಫ್ ವರೆಗಿನ ಅಕ್ಷರಗಳು. ಅಡೋಬಿ ಸಂಸ್ಥೆ 1980ರ ದಶಕದಲ್ಲಿ ರೂಪಿಸಿದ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯ ಕಡತಗಳು ಹೀಗೆ ಆರಂಭವಾಗುತ್ತವೆ. ನಮ್ಮ ಪ್ರಿಂಟರಿಗೆ ಗೊತ್ತಿದ್ದದ್ದು ಎಚ್‌ಪಿ ಸಂಸ್ಥೆಯ ಪಿಸಿಎಲ್ ಭಾಷೆ ಮಾತ್ರ; ತಂತ್ರಜ್ಞರು ಹಾಕಿದ್ದು ಹೆಸರಿನ ಕೊನೆಯಲ್ಲಿ PS ಎಂದಿದ್ದ ಡ್ರೈವರ್.

ಇವೆರಡರ ಸ್ವಭಾವವೇ ಬೇರೆ. ಪೋಸ್ಟ್‌ಸ್ಕ್ರಿಪ್ಟ್ ಒಂದು ಪೂರ್ಣ ಪ್ರಮಾಣದ ಪ್ರೋಗ್ರಾಮಿಂಗ್ ಭಾಷೆ. ಕಂಪ್ಯೂಟರ್ ಕಳಿಸುವುದು ಪುಟವನ್ನು ಬರೆಯುವ ಪ್ರೋಗ್ರಾಂ, ಅದನ್ನು ನಡೆಸಿ ಪುಟವನ್ನು ರೂಪಿಸುವ ಹೊಣೆ ಪ್ರಿಂಟರಿನದು. ಉದಾಹರಣೆಗೆ ಇದನ್ನು ನೋಡಿ:

```
%!PS
/Courier findfont 24 scalefont setfont
72 720 moveto
(Tumakuru) show
showpage
```

ಇಲ್ಲಿನ ಅಳತೆ ಪಾಯಿಂಟ್‌ಗಳಲ್ಲಿದ್ದು, 72 ಪಾಯಿಂಟ್ ಸೇರಿದರೆ ಒಂದು ಇಂಚು. ಪೋಸ್ಟ್‌ಸ್ಕ್ರಿಪ್ಟ್ ಬಲ್ಲ ಪ್ರಿಂಟರ್ ಎಡ ಅಂಚಿನಿಂದ ಒಂದು ಇಂಚು, ಕೆಳ ಅಂಚಿನಿಂದ 10 ಇಂಚು ಬಿಟ್ಟು ತುಮಕೂರಿನ ಹೆಸರೊಂದನ್ನೇ ಮುದ್ರಿಸುತ್ತದೆ. ಹಳೆಯ ಪಿಸಿಎಲ್ ಪದ್ಧತಿಯಲ್ಲಾದರೋ ಪಠ್ಯದ ನಡುನಡುವೆ ಆದೇಶಗಳು ಬರುತ್ತವೆ, ಸಾಲು ಅಥವಾ ಪುಟ ಮುಗಿಸುವಂಥ ಕೆಲವು ಒಂಟಿ ಸಂಕೇತಗಳನ್ನು ಬಿಟ್ಟರೆ ಪ್ರತಿ ಆದೇಶವೂ ಎಸ್ಕೇಪ್ ಎಂಬ ವಿಶೇಷ ಸಂಕೇತದಿಂದ ಆರಂಭವಾಗುತ್ತದೆ. ಅಂಥ ಸಂಕೇತವಿಲ್ಲದ ಅಕ್ಷರಗಳನ್ನೆಲ್ಲ ಪ್ರಿಂಟರ್ ಮುದ್ರಿಸಬೇಕಾದ ಪಠ್ಯವೆಂದೇ ಭಾವಿಸುತ್ತದೆ. ಆದ್ದರಿಂದ ಅದು ಮೇಲಿನ ಐದೂ ಸಾಲುಗಳನ್ನು ಇದ್ದದ್ದು ಇದ್ದ ಹಾಗೆಯೇ ಕಾಗದಕ್ಕಿಳಿಸುತ್ತದೆ. ಕನ್ನಡದ ಕಡತದಲ್ಲಿ ರಾಶಿ ಇನ್ನೂ ದೊಡ್ಡದಾಗುವುದಕ್ಕೆ ಕಾರಣವಿದೆ. ಪ್ರಿಂಟರಿನೊಳಗೆ ಕನ್ನಡದ ಫಾಂಟ್ ಇರುವುದಿಲ್ಲವಾದ್ದರಿಂದ ಡ್ರೈವರ್ ಅಕ್ಷರರೂಪಗಳನ್ನೂ ಜೊತೆಗೇ ಕಳಿಸಬೇಕಾಗುತ್ತದೆ. ನಮಗೆ ಬಂದ ಅಂಕಿಗಳ ಹಾಳೆಗಳೆಲ್ಲ ಹಾಗೆ ಸೇರಿಕೊಂಡ ಫಾಂಟಿನ ಮಾಹಿತಿಯೇ ಆಗಿತ್ತು.

ಓದಲು ಬರುವ ಪದಗಳೇ ಇಲ್ಲದೆ ಬರೀ ವಿಚಿತ್ರ ಚಿಹ್ನೆಗಳಿದ್ದು, ಹಾಳೆಗೆ ಒಂದೆರಡು ಸಾಲಷ್ಟೇ ಮುದ್ರಣವಾಗುತ್ತಿದ್ದರೆ ಸಂಗತಿ ಬೇರೆ. ಪಿಸಿಎಲ್ 6 ಡ್ರೈವರ್ ಸಾಮಾನ್ಯವಾಗಿ ಕಳಿಸುವುದು ಪಠ್ಯವನ್ನಲ್ಲ, ಬೈನರಿ ಮಾಹಿತಿಯನ್ನು. ಪಿಸಿಎಲ್ 5 ಮಾತ್ರ ಬಲ್ಲ ಪ್ರಿಂಟರಿಗೆ ಅದು ಹೋದಾಗ ಪ್ರತಿ ಬೈಟ್ ಒಂದು ಚಿಹ್ನೆಯಾಗಿಬಿಡುತ್ತದೆ. ನಡುವೆ 12 ಎಂಬ ಬೆಲೆಯ ಬೈಟ್ ಬಂದಾಗಲೆಲ್ಲ ಪ್ರಿಂಟರ್ ಅದನ್ನು ಪುಟ ಮುಗಿಸುವ ಆದೇಶವೆಂದು ತಿಳಿದು ಹಾಳೆಯನ್ನು ಹೊರಹಾಕುತ್ತದೆ.

ಮೊದಲು ಕಾಗದದ ಟ್ರೇಯನ್ನು ಹೊರಗೆಳೆದು ಪ್ರಿಂಟರ್ ಆಫ್ ಮಾಡಿ. ಅಷ್ಟಕ್ಕೇ ಬಿಟ್ಟರೆ, ಆನ್ ಮಾಡಿದೊಡನೆ ಕಂಪ್ಯೂಟರ್ ಅದೇ ಕೆಲಸವನ್ನು ಮತ್ತೆ ಕಳಿಸುತ್ತದೆ. ವಿಂಡೋಸ್‌ನ ಮುದ್ರಣ ಸರದಿಯಲ್ಲಿ ಅದನ್ನು ರದ್ದು ಮಾಡಿ; ರದ್ದಾಗದೆ ಹಠ ಹಿಡಿದರೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಮಾಡಿ. ಸರದಿಯಲ್ಲಿರುವ ಬೇರೆ ಕೆಲಸಗಳೂ ಇದರಿಂದ ಅಳಿಸಿಹೋಗುತ್ತವೆ ಎಂಬುದು ನೆನಪಿರಲಿ.

```
net stop spooler
del /Q C:\Windows\System32\spool\PRINTERS\*.*
net start spooler
```

ನಂತರ ಕಂಪ್ಯೂಟರಿನ ಕೇಬಲ್ ತೆಗೆದು, ಟ್ರೇ ಮತ್ತೆ ಹಾಕಿ ಪ್ರಿಂಟರ್ ಆನ್ ಮಾಡಿ, ಅದರ ಮೆನುವಿನಿಂದಲೇ ಕಾನ್ಫಿಗರೇಶನ್ ಪುಟವನ್ನು ಮುದ್ರಿಸಿ. ಅದು ಸ್ವಚ್ಛವಾಗಿ ಬಂದರೆ ಕಾರ್ಡ್ ಪುಟವನ್ನು ರೂಪಿಸುತ್ತಿದೆ, ಯಂತ್ರ ಮುದ್ರಿಸುತ್ತಿದೆ ಎಂದರ್ಥ. ಅನೇಕ ಮಾದರಿಗಳಲ್ಲಿ ಆ ಪುಟದಲ್ಲೇ ಪ್ರಿಂಟರ್ ಬಲ್ಲ ಭಾಷೆಗಳ ಪಟ್ಟಿಯಿರುತ್ತದೆ. ನಮ್ಮದರಲ್ಲಿ ಪಿಸಿಎಲ್ ಹೆಸರಿತ್ತು, ಪೋಸ್ಟ್‌ಸ್ಕ್ರಿಪ್ಟ್ ಇರಲಿಲ್ಲ. ತಯಾರಕರ ತಾಣದಿಂದ ಅದೇ ಮಾದರಿಯ ಪಿಸಿಎಲ್ ಡ್ರೈವರ್ ಇಳಿಸಿಕೊಂಡು ಹಾಕಿದ ಮೇಲೆ ಬಾಡಿಗೆ ಕರಾರು ಒಂದೇ ಹಾಳೆಯಲ್ಲಿ ಬಂದಿತು. ಮುಂಗಡವನ್ನು ಮಾತ್ರ, ಕಾರ್ಡ್ ಆಗಲೇ ತರಿಸಲು ಹೇಳಿಯಾಗಿದೆ ಎಂಬ ನೆಪದಲ್ಲಿ, ಆ ತಂತ್ರಜ್ಞರು ಇನ್ನೂ ಹಿಂದಿರುಗಿಸಿಲ್ಲ.

ಕೆಲವು ಮಾದರಿಗಳಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಪ್ರತ್ಯೇಕ ಹಣ ಕೊಟ್ಟು ಹಾಕಿಸಬೇಕಾದ ಸೌಲಭ್ಯವಾಗಿರುವುದರಿಂದ, ಮಾರುವವರು ಬಾಯಲ್ಲಿ ಇದೆ ಎಂದರೂ ಈ ಪುಟವನ್ನು ಅವರ ಎದುರಿಗೇ ತೆಗೆಸಿ ನೋಡಿದ ಮೇಲೆ ಹಣ ಕೊಡಿ. ಕೇಬಲ್ ತೆಗೆದಿದ್ದಾಗಲೂ ಆ ಪುಟದಲ್ಲಿ ಅಕ್ಷರಗಳು ಕೆಟ್ಟಿದ್ದರೆ ಆಗ ಡ್ರೈವರನ್ನು ದೂರುವಂತಿಲ್ಲ; ಕಾರ್ಡಿನ ಮೇಲಿನ ಅನುಮಾನಕ್ಕೆ ಆಧಾರ ಸಿಗುವುದು ಅಲ್ಲಿಯೇ.