ಮೂರು ಅಂಗಡಿಯ ಎಕ್ಸ್‌ಎಲ್ ಕುರ್ತಾ, ನನಗೆ ಸರಿಹೋಗಿದ್ದು ಒಂದೇ

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಗಾಂಧಿ ಬಜಾರಿನ ಸಣ್ಣ ರೆಡಿಮೇಡ್ ಅಂಗಡಿಯ ಕುರ್ತಾ. ಆಫೀಸಿಗೆಂದು ಮೂರು ಕಡೆ ಕಾಟನ್ ಕುರ್ತಾ ಕೊಂಡೆ. ಒಂದು ಆನ್‌ಲೈನ್‌ನಲ್ಲಿ, ಒಂದು ಮಾಲ್‌ನಲ್ಲಿ, ಮೂರನೆಯದು ಇಲ್ಲಿ. ಮೂರರ ಲೇಬಲ್ ಮೇಲೂ ಎಕ್ಸ್‌ಎಲ್ ಅಂತಲೇ ಇದೆ. ನನ್ನ ಎದೆ ಸುತ್ತಳತೆ 40 ಇಂಚು, ಭುಜ 14½, ರಟ್ಟೆ 14.

ಆನ್‌ಲೈನ್‌ನದ್ದು 900 ರೂಪಾಯಿ. ಸೈಜ್ ಚಾರ್ಟ್‌ನಲ್ಲಿ ಎಲ್‌ಗೆ 40, ಎಕ್ಸ್‌ಎಲ್‌ಗೆ 42 ಅಂತಿತ್ತು. ನನ್ನ ಎದೆ 40 ಅಲ್ವಾ, ಎಲ್ ತರಿಸಿದೆ. ಮೈಗೆ ಅಂಟಿಕೊಂಡಿತು, ಉಸಿರೆಳೆದರೆ ಗುಂಡಿ ಜಗ್ಗುತ್ತಿತ್ತು. ಚಾರ್ಟ್‌ನಲ್ಲಿ ಕೊಟ್ಟಿದ್ದು ಮೈಯ ಅಳತೆ ಅಲ್ಲ, ಹೊಲಿದ ಬಟ್ಟೆಯ ಅಳತೆ. ಹಿಗ್ಗದ ಕಾಟನ್‌ಗೆ ಮೈಗಿಂತ ಎರಡು ಮೂರು ಇಂಚಾದರೂ ಜಾಸ್ತಿ ಬೇಕು. ಕೆಲವು ಅಂಗಡಿಗಳು ಮೈಯ ಅಳತೆ ಕೊಡುತ್ತವೆ, ಕೆಲವು ಬಟ್ಟೆಯದ್ದು. ಯಾವುದು ಅಂತ ಇಲ್ಲಿ ಎಲ್ಲೂ ಬರೆದಿರಲಿಲ್ಲ.

ಆಮೇಲೆ ಎಕ್ಸ್‌ಎಲ್ ತರಿಸಿದೆ. ಎದೆ ಸರಿಯಾಯಿತು, ರಟ್ಟೆ ಹಿಡಿಯಿತು. ಸಂಜೆ ಕಳಚಿದಾಗ ಕಂಕುಳಿನಿಂದ ನಾಲ್ಕು ಬೆರಳು ಕೆಳಗೆ ಹೊಲಿಗೆಯ ಗೆರೆ ಕೆಂಪಗೆ ಮೂಡಿರುತ್ತಿತ್ತು. ಇನ್ನೊಂದು ಸೈಜ್ ದೊಡ್ಡದು ತಗೊಂಡರೆ ಸರಿಹೋಗಬಹುದು ಅಂತ ಡಬಲ್ ಎಕ್ಸ್‌ಎಲ್ ಕೂಡ ತರಿಸಿ ನೋಡಿದೆ. ಭುಜದ ಹೊಲಿಗೆ ಎರಡೂ ಕಡೆ ಅರ್ಧರ್ಧ ಇಂಚು ಜಾರಿತು. ರಟ್ಟೆ ಮಾತ್ರ ಇನ್ನೂ ಬಿಗಿ.

ನನ್ನ ಚಿಕ್ಕಮ್ಮನ ಮಗ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಪ್ಯಾಟರ್ನ್ ಮಾಸ್ಟರ್. ಮೂರೂ ಸೈಜನ್ನು ಅವನ ಮುಂದಿಟ್ಟೆ. ಟೇಪ್ ಹಿಡಿದು ಅಳೆದ. "ಅಕ್ಕಾ, ಇವರು ಎಂ ಸೈಜಿನ ಹುಡುಗಿಗೆ ಹಾಕಿ ನೋಡಿ ಪ್ಯಾಟರ್ನ್ ಪಾಸ್ ಮಾಡಿದಾರೆ ಅನ್ಸತ್ತೆ. ಉಳಿದಿದ್ದೆಲ್ಲ ಬರೀ ಲೆಕ್ಕ" ಅಂದ.

ಲೆಕ್ಕ ಅಂದರೆ ಗ್ರೇಡಿಂಗ್. ಸಾಮಾನ್ಯವಾಗಿ ಎಲ್ಲಾ ಸೈಜನ್ನೂ ಜನರಿಗೆ ತೊಡಿಸಿ ನೋಡುವುದಿಲ್ಲ. ಒಬ್ಬ ಫಿಟ್ ಮಾಡೆಲ್‌ಗೆ ಒಂದು ಸೈಜ್ ಸರಿಮಾಡಿಕೊಂಡು, ಅಲ್ಲಿಂದ ಒಂದೊಂದು ಸೈಜಿಗೂ ಇಷ್ಟಿಷ್ಟು ಅಂತ ಕೂಡಿಸುತ್ತಾ ಹೋಗುತ್ತಾರೆ. ಅವನು ಅಳೆದ ಪ್ರಕಾರ ಇಲ್ಲಿ ಸೈಜಿಗೆ ಎದೆ 2 ಇಂಚು, ಭುಜ ಅರ್ಧ, ರಟ್ಟೆ ಅರ್ಧ ಏರಿತ್ತು. ಎಲ್‌ನಲ್ಲಿ ರಟ್ಟೆ 13½, ಎಕ್ಸ್‌ಎಲ್‌ನಲ್ಲಿ 14, ಡಬಲ್ ಎಕ್ಸ್‌ಎಲ್‌ನಲ್ಲಿ 14½. ನನ್ನ ರಟ್ಟೆಯೇ 14. ತೋಳು ಮಡಚಲು ಇನ್ನೊಂದು ಒಂದೂವರೆ ಇಂಚು ಬೇಕು. ಆದರೆ ಮೈ ತುಂಬಿಕೊಂಡಾಗ ರಟ್ಟೆ ಚೆನ್ನಾಗಿಯೇ ದಪ್ಪ ಆಗುತ್ತದೆ. ಭುಜದ ಮೂಳೆ ಅಗಲ ಆಗುವುದಿಲ್ಲ. ಎರಡಕ್ಕೂ ಅರ್ಧರ್ಧ ಕೂಡಿಸಿದರೆ ಒಂದು ಸಾಲದು, ಇನ್ನೊಂದು ಹೆಚ್ಚು. ಪಾಸ್ ಮಾಡಿದ ಸೈಜಿನಿಂದ ದೂರ ಹೋದಷ್ಟೂ ಈ ತಪ್ಪು ಬೆಳೆಯುತ್ತದೆ.

ಮಾಲ್‌ನದ್ದು 1,800 ರೂಪಾಯಿ. ಅವರ ಚಾರ್ಟ್‌ನಲ್ಲಿ ಎಕ್ಸ್‌ಎಲ್ ಎದುರು 40 ಅಂತಿದೆ, ಅದು ಮೈಯ ಅಳತೆ. ಬಟ್ಟೆ ಅಳೆದರೆ 44. ರಟ್ಟೆ ಸಡಿಲ. ಆದರೆ ಕಂಕುಳಿನ ಕಟ್ ತುಂಬಾ ಕೆಳಗಿಳಿದಿದೆ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದರೆ ಇಡೀ ಕುರ್ತಾ ತೋಳಿನ ಜೊತೆ ಎದ್ದು ಬರುತ್ತದೆ. ದಿನಾ ಮುಕ್ಕಾಲು ಗಂಟೆ ನಿಂತು ಹೋಗುವ ನನಗೆ ಇದು ಆಗಿಬರಲಿಲ್ಲ. ಬಟ್ಟೆ ಮಾತ್ರ ಮೂರರಲ್ಲೂ ಇದೇ ಚೆಂದ.

ಗಾಂಧಿ ಬಜಾರಿನದ್ದು 750. ಎದೆ 43, ಭುಜ 14½, ರಟ್ಟೆ 15½. ಕಂಕುಳು ಎತ್ತರಕ್ಕಿದೆ, ಕೈ ಎತ್ತಿದರೂ ಕುರ್ತಾ ಜಾಗ ಬಿಡುವುದಿಲ್ಲ. ಅಂಗಡಿಯ ಅಮ್ಮನನ್ನು ಕೇಳಿದೆ. ಅವರು ಎಲ್‌ಗಿಂತ ಚಿಕ್ಕದು ಇಡುವುದೇ ಇಲ್ಲ, ಹೊಸ ಪ್ಯಾಟರ್ನ್ ಬಂದರೆ ಎಕ್ಸ್‌ಎಲ್ ಮೈಕಟ್ಟಿನ ತಮ್ಮ ನಾದಿನಿಗೇ ಹಾಕಿ ನೋಡುತ್ತಾರೆ. ನನ್ನ ಸೈಜನ್ನೇ ಅವರು ಮೊದಲು ತೊಡಿಸಿ ನೋಡುವುದು. ಅದಕ್ಕೇ ಲೆಕ್ಕ ತಪ್ಪಲು ಜಾಗವೇ ಇಲ್ಲ. ಎಸ್ ಹಾಕುವ ನನ್ನ ತಂಗಿಗೆ ಇಲ್ಲಿ ಏನೂ ಸಿಗುವುದಿಲ್ಲ. ಅವಳಿಗೆ ಆ ಆನ್‌ಲೈನ್‌ನದ್ದೇ ಚೆನ್ನಾಗಿ ಕೂರುತ್ತದೆ.

ಗಾಂಧಿ ಬಜಾರಿನದ್ದರಲ್ಲಿ ಪಕ್ಕದ ಹೊಲಿಗೆಯ ಒಳಗೆ ಮುಕ್ಕಾಲು ಇಂಚು ಬಟ್ಟೆ ಬಿಟ್ಟಿದ್ದಾರೆ, ಬೇಕಾದರೆ ಬಿಚ್ಚಿಸಬಹುದು. ಆನ್‌ಲೈನ್‌ನದ್ದರಲ್ಲಿ ಓವರ್‌ಲಾಕ್ ಅಂಚಿನವರೆಗೆ ಕತ್ತರಿಸಿದ್ದರು, ಬಿಡಿಸಲು ಏನೂ ಉಳಿದಿರಲಿಲ್ಲ.

ಈಗ ಬ್ಯಾಗಿನಲ್ಲಿ ಟೇಪ್ ಇಟ್ಟುಕೊಂಡಿರುತ್ತೇನೆ. ಕುರ್ತಾವನ್ನು ಟೇಬಲ್ ಮೇಲೆ ಹರಡಿ, ಕಂಕುಳಿನ ಒಂದು ಇಂಚು ಕೆಳಗೆ ತೋಳಿನ ಅಗಲ ಅಳೆಯುತ್ತೇನೆ. ಏಳೂಮುಕ್ಕಾಲು ಇದ್ದರೆ ಸುತ್ತ ಹದಿನೈದೂವರೆ, ಟ್ರಯಲ್ ರೂಮಿಗೆ ಹೋಗುತ್ತೇನೆ. ಏಳು ಇದ್ದರೆ ಅಲ್ಲೇ ಮಡಚಿಟ್ಟು ಬರುತ್ತೇನೆ. ನಾನು ನೋಡಿದ ಆನ್‌ಲೈನ್ ಚಾರ್ಟ್‌ಗಳಲ್ಲಿ ಎದೆ, ಸೊಂಟ, ಉದ್ದ ಇರುತ್ತದೆ, ರಟ್ಟೆ ಇರುವುದಿಲ್ಲ. ಹಾಗಾಗಿ ಯುಗಾದಿಗೂ ಗಾಂಧಿ ಬಜಾರಿನಲ್ಲೇ ಎರಡು ತಗೊಂಡೆ.